ಖಾತೆಯಿಂದ ಹಣ ಕಡಿತವಾದ ಸಂದೇಶವನ್ನು ಓದುವ ಬಗೆ
(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಮನೆ ಕಂದಾಯವನ್ನು ಮೊಬೈಲ್ ಮೂಲಕ ಪಾವತಿಸಿದವರು ಪಂಚಾಯಿತಿ ಕಚೇರಿಗೆ ಬಂದು, "ಹಣ ಕಡಿತವಾಗಿದೆ, ರಸೀದಿ ಬಂದಿಲ್ಲ" ಎಂದು ಹೇಳುವುದುಂಟು. ಅಂತಹ ವೇಳೆಯಲ್ಲಿ ಅವರ ಕೈಯಲ್ಲಿರುವ ಮೊದಲ ದಾಖಲೆ ಬ್ಯಾಂಕು ಕಳುಹಿಸಿದ ಕಿರುಸಂದೇಶ. ಆ ಎರಡು ಮೂರು ಸಾಲುಗಳು ಏನನ್ನು ತಿಳಿಸುತ್ತವೆ, ಏನನ್ನು ತಿಳಿಸುವುದಿಲ್ಲ ಎಂಬುದು ಸದಸ್ಯರಿಗೆ ಗೊತ್ತಿದ್ದರೆ ದೂರುದಾರರಿಗೆ ಸರಿಯಾದ ದಾರಿ ತೋರಿಸಬಹುದು.

ಉದಾಹರಣೆಗೆ, ಕುದೂರು ಹೋಬಳಿಯ ಗೃಹಸ್ಥರೊಬ್ಬರು 1,860 ರೂಪಾಯಿ ಕಂದಾಯವನ್ನು ಯುಪಿಐ ಮೂಲಕ ಕಟ್ಟಿದರೆಂದು ಇಟ್ಟುಕೊಳ್ಳೋಣ. ಪರದೆಯಲ್ಲಿ ಪಾವತಿ ಬಾಕಿ ಇದೆ ಎಂದು ಕಂಡಿತು. ಹತ್ತು ನಿಮಿಷ ಕಾದು ಅವರು ಮತ್ತೊಮ್ಮೆ ಕಟ್ಟಿದರು. ಆಮೇಲೆ ಎರಡು ಸಂದೇಶಗಳು ಬಂದವು. ಅವುಗಳ ಮಾದರಿ ಹೀಗಿರುತ್ತದೆ:

```
A/c XX4471 debited Rs.1860.00 on 12-06-25
UPI Ref 516311427735 Avl Bal Rs.4212.35

A/c XX4471 debited Rs.1860.00 on 12-06-25
UPI Ref 516311508264 Avl Bal Rs.2352.35
```

ಮೊದಲು ಖಾತೆಯ ಸಂಖ್ಯೆಯನ್ನು ನೋಡಬೇಕು. ಸಂಖ್ಯೆಯ ಬಹುಭಾಗವನ್ನು XX ಎಂದು ಮರೆಮಾಡಿ, ಕೊನೆಯ ಕೆಲವು ಅಂಕಿಗಳನ್ನು ಮಾತ್ರ ತೋರಿಸಲಾಗುತ್ತದೆ. ಫೋನ್ ಬೇರೆಯವರ ಕಣ್ಣಿಗೆ ಬಿದ್ದರೂ ಪೂರ್ಣ ಸಂಖ್ಯೆ ತಿಳಿಯದು. ಖಾತೆದಾರರಿಗೆ ಮಾತ್ರ ಅದು ತಮ್ಮ ಯಾವ ಖಾತೆ ಎಂಬುದು ತಿಳಿಯುತ್ತದೆ. ಈ ಗೃಹಸ್ಥರಿಗೆ ಎರಡು ಖಾತೆಗಳಿವೆ. ಹಾಲಿನ ಹಣ ಒಂದಕ್ಕೆ ಜಮೆಯಾಗುತ್ತದೆ. 4471ರಿಂದ ಕೊನೆಗೊಳ್ಳುವ ಇನ್ನೊಂದರಿಂದ ಪ್ರತಿ ತಿಂಗಳು 2,500 ರೂಪಾಯಿ ಸಾಲದ ಕಂತು ಕಡಿತವಾಗುತ್ತದೆ. ಕಂದಾಯ ಹೋಗಿರುವುದು ಈ ಎರಡನೆಯ ಖಾತೆಯಿಂದ. ಉಳಿಕೆ 2,352.35 ರೂಪಾಯಿ ಮಾತ್ರ ಇರುವುದರಿಂದ, ಕಂತಿನ ದಿನದೊಳಗೆ ಹಣ ತುಂಬದಿದ್ದರೆ ಕಂತು ತಪ್ಪುತ್ತದೆ ಮತ್ತು ದಂಡ ಬೀಳಬಹುದು.

ಎರಡನೆಯದಾಗಿ ಉಲ್ಲೇಖ ಸಂಖ್ಯೆ. ಯುಪಿಐ ಪಾವತಿಯ ಈ ಸಂಖ್ಯೆ ಹನ್ನೆರಡು ಅಂಕಿಗಳದ್ದು. ಒಂದೊಂದು ಪಾವತಿಗೂ ಬೇರೆ ಸಂಖ್ಯೆ ಇರುತ್ತದೆ. ಮೇಲಿನ ಎರಡು ಸಂದೇಶಗಳಲ್ಲಿ ಮೊತ್ತ ಮತ್ತು ದಿನಾಂಕ ಒಂದೇ ಆಗಿದ್ದರೂ ಉಲ್ಲೇಖ ಸಂಖ್ಯೆಗಳು ಬೇರೆ. ಆದ್ದರಿಂದ ಹಣ ಎರಡು ಬಾರಿ ಹೋಗಿದೆ. ಉಳಿಕೆಯೂ ಇದನ್ನೇ ದೃಢಪಡಿಸುತ್ತದೆ: 4,212.35ರಿಂದ 1,860 ಕಳೆದರೆ 2,352.35. ಉಲ್ಲೇಖ ಸಂಖ್ಯೆ ಮತ್ತು ಉಳಿಕೆ ಎರಡೂ ಒಂದೇ ಆಗಿದ್ದಿದ್ದರೆ, ಒಂದೇ ಪಾವತಿಯ ಸಂದೇಶ ಎರಡು ಸಲ ಬಂದಿದೆ ಎಂದು ತಿಳಿಯಬಹುದಿತ್ತು. ಕೆಲವು ಬ್ಯಾಂಕುಗಳ ಯುಪಿಐ ಸಂದೇಶದಲ್ಲಿ ಉಳಿಕೆ ಇರುವುದಿಲ್ಲ. ಆಗ ಪಾಸ್‌ಬುಕ್ ಅಥವಾ ಖಾತೆಯ ವಿವರಪಟ್ಟಿ ನೋಡಬೇಕು.

ಆದರೆ ಈ ಸಂದೇಶಕ್ಕೆ ಒಂದು ಮಿತಿಯಿದೆ. ಹಣ ಕಟ್ಟಿದವರ ಖಾತೆಯಿಂದ ಹೊರಟಿತು ಎಂದಷ್ಟೇ ಅದು ಹೇಳುತ್ತದೆ. ಪಂಚಾಯಿತಿ ಖಾತೆಗೆ ಸೇರಿತು ಎಂದು ಹೇಳುವುದಿಲ್ಲ. ಆದುದರಿಂದ ಅದನ್ನೇ ರಸೀದಿಯೆಂದು ಪರಿಗಣಿಸಲಾಗದು, ದೂರನ್ನು ಸುಳ್ಳೆಂದು ತಳ್ಳಿಹಾಕಲೂ ಆಗದು. ಎರಡೂ ಉಲ್ಲೇಖ ಸಂಖ್ಯೆಗಳನ್ನು ಬರೆದುಕೊಂಡು, ಪಂಚಾಯಿತಿಯ ಬ್ಯಾಂಕ್ ವಿವರಪಟ್ಟಿಯೊಂದಿಗೆ ತಾಳೆ ನೋಡುವಂತೆ ಕಾರ್ಯದರ್ಶಿಯವರಿಗೆ ಅಥವಾ ಅಭಿವೃದ್ಧಿ ಅಧಿಕಾರಿಯವರಿಗೆ ತಿಳಿಸಬೇಕು. ಎರಡೂ ಜಮೆಯಾಗಿದ್ದರೆ ಹೆಚ್ಚುವರಿ ಹಣ ಪಂಚಾಯಿತಿಯಲ್ಲಿಯೇ ಇದೆ; ಅದನ್ನು ಇತ್ಯರ್ಥಪಡಿಸಬೇಕಾದುದು ಪಂಚಾಯಿತಿ. ಒಂದೇ ಜಮೆಯಾಗಿದ್ದರೆ, ಜಮೆಯಾಗದ ಸಂಖ್ಯೆಯನ್ನು ಹಿಡಿದು ಗೃಹಸ್ಥರು ತಮ್ಮ ಬ್ಯಾಂಕನ್ನು ಕೇಳಬೇಕು. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯ ಪ್ರಕಾರ, ವ್ಯಾಪಾರಿಗೆ ಮಾಡುವಂತಹ ಯುಪಿಐ ಪಾವತಿಯಲ್ಲಿ ಹಣ ಕಡಿತವಾಗಿ ದೃಢೀಕರಣ ತಲುಪದಿದ್ದರೆ, ಐದು ದಿನಗಳೊಳಗೆ ಅದು ತಾನಾಗಿಯೇ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರವಿದೆ. ಎರಡೂ ಪಾವತಿ ಸರಿಯಾಗಿ ಪೂರ್ಣಗೊಂಡಿದ್ದರೆ ಈ ನಿಯಮ ಅನ್ವಯಿಸದು.

ಕೊನೆಯದಾಗಿ, ತಾವು ಮಾಡದ ಪಾವತಿಯ ಸಂದೇಶ ಬಂದರೆ ಅದನ್ನು ಅಳಿಸದೆ, ಬಂದ ದಿನಾಂಕವನ್ನು ಗುರುತಿಟ್ಟುಕೊಳ್ಳಬೇಕು. 2017ರ ಜುಲೈ 6ರ ಸುತ್ತೋಲೆಯಂತೆ, ತಪ್ಪು ಗ್ರಾಹಕರದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂಬಂತಹ ವಂಚನೆಯಲ್ಲಿ, ಸಂದೇಶ ಬಂದ ನಂತರ ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ ಗ್ರಾಹಕರಿಗೆ ನಷ್ಟದ ಹೊಣೆಯಿಲ್ಲ. ತಡವಾದಷ್ಟೂ ಹೊಣೆ ಹೆಚ್ಚುತ್ತದೆ. ಪಿನ್ ಅನ್ನು ಬೇರೆಯವರಿಗೆ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದೇ. ನಕಲಿ ಸಂದೇಶಗಳೂ ಇರುವುದರಿಂದ, ಸಂದೇಶದಲ್ಲಿರುವ ಸಂಖ್ಯೆಗೆ ಕರೆಮಾಡದೆ ಪಾಸ್‌ಬುಕ್ ಅಥವಾ ಕಾರ್ಡಿನ ಹಿಂಬದಿಯಲ್ಲಿ ಮುದ್ರಿಸಿದ ಸಂಖ್ಯೆಗೆ ಕರೆಮಾಡುವುದು ಕ್ಷೇಮ. ವಂಚನೆಯೆಂದು ಖಚಿತವಾದರೆ 1930 ಸಹಾಯವಾಣಿಗೂ ಕೂಡಲೇ ತಿಳಿಸತಕ್ಕದ್ದು.