ಒಪ್ಪದ ಪ್ರಸ್ತಾವ, ಉಳಿಯಬೇಕಾದ ವ್ಯವಹಾರ



ಪೂರೈಕೆದಾರರು ಕಳಿಸಿದ ಪ್ರಸ್ತಾವವನ್ನು ಸಂಬಂಧ ಕೆಡದಂತೆ ನಿರಾಕರಿಸುವುದು ಹೇಗೆ ಎಂದು ಕೇಳಿದರೆ ನಮ್ಮ ಗಮನ ಮೊದಲು ಹೋಗುವುದು ಪದಗಳ ಕಡೆಗೆ. 'ವಿಷಾದಿಸುತ್ತೇವೆ' ಎಂದು ಬರೆಯುವುದೋ, 'ಸದ್ಯಕ್ಕೆ ಸಾಧ್ಯವಾಗುತ್ತಿಲ್ಲ' ಎನ್ನುವುದೋ ಎಂದು ಯೋಚಿಸುತ್ತಾ ಕೂರುತ್ತೇವೆ. ಪೂರೈಕೆದಾರರಿಗೆ ಬೇಕಾದದ್ದು ಅದಕ್ಕಿಂತ ಗಟ್ಟಿಯಾದದ್ದು ಎಂಬುದು ನನ್ನ ವಾದ. ನಮ್ಮ ಉತ್ತರ ನೋಡಿಕೊಂಡು ಅವರು ದುಡ್ಡಿನ ನಿರ್ಧಾರ ಮಾಡಬೇಕಾಗಿರುತ್ತದೆ: ಕಬ್ಬಿಣ ಕೊಳ್ಳುವುದು, ಆಳುಗಳನ್ನು ಉಳಿಸಿಕೊಳ್ಳುವುದು, ಬ್ಯಾಂಕಿಗೆ ಹೋಗುವುದು. ಆ ನಿರ್ಧಾರಕ್ಕೆ ನೆರವಾಗುವಂತೆ ಬೇಗ ಹೇಳಿದ, ನಿಜವಾದ ಕಾರಣ ಕೊಟ್ಟ, ಯಾವುದಕ್ಕೆ ಎಷ್ಟರ ಮಟ್ಟಿಗೆ 'ಇಲ್ಲ' ಎಂದು ಗೆರೆ ಎಳೆದ ನಿರಾಕರಣೆಯೇ ಸಭ್ಯವಾದದ್ದು. ಉಳಿದ ಸೌಜನ್ಯ ಅದರ ಮೇಲೆ ನಿಲ್ಲುತ್ತದೆ. ಆ ತಳವಿಲ್ಲದಿದ್ದರೆ ಎಷ್ಟು ನಯವಾಗಿ ಬರೆದರೂ ಪ್ರಯೋಜನವಿಲ್ಲ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಕಲ್ಪಿತ ಪ್ರಕರಣ ಇಟ್ಟುಕೊಳ್ಳೋಣ. ಪೀಣ್ಯದಲ್ಲಿ ಪಂಪ್ ತಯಾರಿಸುವ ಮಧ್ಯಮ ಗಾತ್ರದ ಒಂದು ಕಾರ್ಖಾನೆಗೆ ಬೆಳಗಾವಿಯ ಸಣ್ಣ ಫೌಂಡ್ರಿಯೊಂದು ಪಂಪಿನ ಹೊರಕವಚದ ಕಚ್ಚಾ ಕ್ಯಾಸ್ಟಿಂಗ್ ಕಳಿಸುತ್ತಿದೆ. ತೂಕ 18 ಕಿಲೋ, ಕಿಲೋಗೆ 110 ರೂಪಾಯಿಯಂತೆ ಒಂದಕ್ಕೆ 1,980 ರೂಪಾಯಿ, ತಿಂಗಳಿಗೆ 800 ತುಂಡು. ಫೌಂಡ್ರಿಯ ಮಾಲೀಕರು ಒಂದು ಹೊಸ ಪ್ರಸ್ತಾವ ಕಳಿಸುತ್ತಾರೆ: ಇನ್ನು ಮುಂದೆ ಮಷಿನಿಂಗ್ ಕೂಡ ನಾವೇ ಮಾಡಿ ಕೊಡುತ್ತೇವೆ, ಒಂದಕ್ಕೆ 2,520 ರೂಪಾಯಿ, ವರ್ಷದ ಪ್ರಮಾಣಕ್ಕೆ ಖಾತರಿ ಬೇಕು, ದರ 30 ದಿನ ಮಾತ್ರ ಊರ್ಜಿತ. ಇದರಲ್ಲಿ ಖರೀದಿದಾರರಿಗೆ ಅನುಕೂಲವೂ ಇದೆ. ಕ್ಯಾಸ್ಟಿಂಗಿನ ಒಳಗೆ ಅಡಗಿರುವ ಬ್ಲೋಹೋಲ್‌ಗಳು ಮೇಲಿನ ಪದರವನ್ನು ಕೊರೆದ ಮೇಲೆಯೇ ಕಾಣುವುದು. ಮಷಿನಿಂಗ್ ಫೌಂಡ್ರಿಯಲ್ಲೇ ಆದರೆ ಕೆಟ್ಟ ತುಂಡು ಅಲ್ಲೇ ಕುಲುಮೆಗೆ ಮರಳುತ್ತದೆ; ಅದನ್ನು ಬೆಂಗಳೂರಿನವರೆಗೆ ಲಾರಿಯಲ್ಲಿ ತಂದು, ಕೊರೆದು, ವಾಪಸು ಕಳಿಸುವ ಪಾಡು ತಪ್ಪುತ್ತದೆ.

ಖರೀದಿ ವಿಭಾಗ ಲೆಕ್ಕ ಹಾಕುತ್ತದೆ. ಫೌಂಡ್ರಿ ಮಷಿನಿಂಗಿಗೆ ಕೇಳುತ್ತಿರುವುದು 540 ರೂಪಾಯಿ. ಕಾರ್ಖಾನೆಯ ಸ್ವಂತ ಯಂತ್ರಗಳು ಎರಡನೇ ಶಿಫ್ಟಿನಲ್ಲಿ ಖಾಲಿ ಇವೆ, ಹಾಗಾಗಿ ಅಲ್ಲಿ ಬೀಳುವ ಹೆಚ್ಚುವರಿ ಖರ್ಚು 410 ರೂಪಾಯಿ. ಒಂದಕ್ಕೆ 130ರಂತೆ ತಿಂಗಳಿಗೆ 1,04,000 ರೂಪಾಯಿಯ ವ್ಯತ್ಯಾಸ. ನೂರಕ್ಕೆ ನಾಲ್ಕು ತುಂಡು ಬ್ಲೋಹೋಲಿನಿಂದ ತಿರಸ್ಕೃತವಾಗುತ್ತವೆ ಎಂದಿಟ್ಟುಕೊಂಡರೆ 32 ತುಂಡುಗಳ ಮೇಲೆ ವ್ಯರ್ಥವಾಗುವ ಮಷಿನಿಂಗ್ ಖರ್ಚು ಸುಮಾರು 13,000. ಲಾರಿ ಬಾಡಿಗೆ ಸೇರಿಸಿದರೂ 20,000 ದಾಟದು. ಅಂದರೆ ಪ್ರಸ್ತಾವವನ್ನು ಒಪ್ಪಲಾಗದು. ಆದರೆ ಈ ನಿರ್ಧಾರ ನಿಂತಿರುವುದು ಖಾಲಿ ಇರುವ ಶಿಫ್ಟಿನ ಮೇಲೆ. ಆರ್ಡರ್ ಹೆಚ್ಚಿ ಆ ಶಿಫ್ಟ್ ತುಂಬಿದ ದಿನ 410 ಎಂಬ ಅಂಕಿ ಉಳಿಯುವುದಿಲ್ಲ. ಹೊಸ ಯಂತ್ರದ ಬಂಡವಾಳವೂ ಲೆಕ್ಕಕ್ಕೆ ಬಂದು ಫೌಂಡ್ರಿಯ ದರವೇ ಅಗ್ಗವಾಗಿ ಕಾಣಬಹುದು. ನಾವು ತಳ್ಳಿಹಾಕುತ್ತಿರುವುದು ಈ ವರ್ಷದ, ಈ ಒಂದು ಪ್ರಸ್ತಾವವನ್ನು. ಇದು ಖರೀದಿ ವಿಭಾಗಕ್ಕೆ ಗೊತ್ತು. ಫೌಂಡ್ರಿಗೆ ಗೊತ್ತಿಲ್ಲ.

ಸಾಮಾನ್ಯವಾಗಿ ಇಂಥ ಕಡೆ ಆಗುವುದೇನು? 'ನೋಡೋಣ ಸರ್, ಮ್ಯಾನೇಜ್‌ಮೆಂಟ್ ಹತ್ತಿರ ಇದೆ' ಎನ್ನುತ್ತೇವೆ. ಎರಡು ವಾರ ಕಳೆದು ಫೋನ್ ಬಂದರೆ ಅದೇ ಮಾತು. ಕಾನೂನಿನ ಮಟ್ಟಿಗೆ ಇದರಲ್ಲಿ ತೊಡಕಿಲ್ಲ. 1872ರ ಭಾರತೀಯ ಕರಾರು ಅಧಿನಿಯಮದ ಪ್ರಕಾರ ನಿಗದಿತ ಅವಧಿ ಮುಗಿದರೆ ಪ್ರಸ್ತಾವ ತಾನಾಗಿಯೇ ಬಿದ್ದುಹೋಗುತ್ತದೆ, ಸುಮ್ಮನಿದ್ದರೆ ಒಪ್ಪಿದಂತೆಯೂ ಆಗುವುದಿಲ್ಲ. ಆದರೆ ಆ 30 ದಿನಗಳಲ್ಲಿ ಫೌಂಡ್ರಿಯ ಮಾಲೀಕರು ಕೈಕಟ್ಟಿ ಕೂತಿರುವುದಿಲ್ಲ. ಸಿಎನ್‌ಸಿ ಯಂತ್ರಕ್ಕೆ ಕೊಟೇಶನ್ ತರಿಸಿರುತ್ತಾರೆ, ಅದಕ್ಕೂ ಒಂದು ಗಡುವು ಇರುತ್ತದೆ. ಬ್ಯಾಂಕಿನ ಸಾಲದ ಅರ್ಜಿಯಲ್ಲಿ ನಮ್ಮ ಆರ್ಡರನ್ನು ಬರಬಹುದಾದ ಆದಾಯವೆಂದು ತೋರಿಸಿರುತ್ತಾರೆ. ನಮ್ಮ 'ನೋಡೋಣ'ವನ್ನು ಅರ್ಧ ಒಪ್ಪಿಗೆಯೆಂದು ತಿಳಿದು ಮುಂಗಡ ಕಟ್ಟಿಬಿಟ್ಟರೆ, ಆಮೇಲೆ ಎಂಥ ಮೃದು ಪತ್ರ ಬರೆದರೂ ಆ ನಷ್ಟ ತುಂಬಿಕೊಡಲಾಗದು. ಮುಖಕ್ಕೆ ಹೊಡೆದ ಹಾಗೆ ಇಲ್ಲ ಎನ್ನಬಾರದು ಎಂಬ ನಮ್ಮ ದಾಕ್ಷಿಣ್ಯ ಒಳ್ಳೆಯ ಗುಣವೇ. ವ್ಯವಹಾರದಲ್ಲಿ ಅದರ ಬೆಲೆಯನ್ನು ಮಾತ್ರ ಎದುರಿನವರು ತೆರುತ್ತಾರೆ.

ತಡಕ್ಕಿಂತ ಹೆಚ್ಚು ಹಾನಿ ಮಾಡುವುದು ಸುಳ್ಳು ಕಾರಣ. 'ಬಜೆಟ್ ಇಲ್ಲ' ಎಂದು ಹೇಳಿಬಿಡುವುದು ಸುಲಭ. ಅದನ್ನು ನಂಬಿದ ಫೌಂಡ್ರಿ 2,520ನ್ನು 2,440ಕ್ಕೆ ಇಳಿಸಿ ಮತ್ತೆ ಬರುತ್ತದೆ. ತನ್ನ ಲಾಭವನ್ನು ಕತ್ತರಿಸಿಕೊಂಡು ಬಂದವರಿಗೆ ಎರಡನೇ ಸಲ ಇಲ್ಲ ಎನ್ನಬೇಕಾಗುತ್ತದೆ, ಈ ಸಲ ಕೊಡಲು ಕಾರಣವೂ ಉಳಿದಿರುವುದಿಲ್ಲ. ಬೆಳಗಾವಿಯ ಉದ್ಯಮಬಾಗದಂಥ ಕೈಗಾರಿಕಾ ಪ್ರದೇಶದಲ್ಲಿ ಒಬ್ಬರ ಕುಲುಮೆಯ ಸುದ್ದಿ ಇನ್ನೊಬ್ಬರಿಗೆ ತಿಳಿಯಲು ಹೊತ್ತು ಬೇಕಿಲ್ಲ. ನಾವು ಹೇಳಿದ ಕಾರಣ ನಿಜವಲ್ಲ ಎಂದು ಗೊತ್ತಾದ ಮೇಲೆ ನಾವು ಕೊಡುವ ಆರ್ಡರಿನ ಮುನ್ಸೂಚನೆಯನ್ನೂ ಯಾರೂ ನಂಬುವುದಿಲ್ಲ. ಇದೇ ಜಾತಿಗೆ ಸೇರಿದ್ದು ಚೌಕಾಸಿಗಾಗಿ ಹೂಡುವ ಹುಸಿ ನಿರಾಕರಣೆ. ದರ ಇಳಿಸಬೇಕೆಂದಿದ್ದರೆ 'ಮಷಿನಿಂಗನ್ನು ಇಷ್ಟಕ್ಕೆ ಮಾಡಿದರೆ ಮುಂದುವರಿಯೋಣ' ಎಂದು ಪ್ರತಿಪ್ರಸ್ತಾವ ಇಡಬೇಕು. ಇಲ್ಲ ಎಂದು ಹೇಳಿ ಬಾಗಿಲ ಬಳಿ ಕಾಯುವುದನ್ನು ರೂಢಿ ಮಾಡಿಕೊಂಡರೆ ನಮ್ಮ ನಿಜವಾದ 'ಇಲ್ಲ'ವನ್ನೂ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಾಗಾದರೆ ನಮ್ಮ ಪ್ರಕರಣದಲ್ಲಿ ಏನು ಮಾಡಬೇಕು? ಮೊದಲು ಫೋನ್, ಅದೇ ದಿನ ಪತ್ರ. ಫೋನ್ ಮಾಡಬೇಕಾದವರು ವರ್ಷಗಳಿಂದ ಅವರೊಡನೆ ವ್ಯವಹರಿಸಿದ ಖರೀದಿ ವ್ಯವಸ್ಥಾಪಕರು. ಒಳ್ಳೆಯ ಸುದ್ದಿಯನ್ನು ತಾವೇ ಹೇಳಿ ಕೆಟ್ಟದ್ದನ್ನು ಕಿರಿಯರಿಂದ ಹೇಳಿಸುವುದು ಸರಿಯಲ್ಲ. ಪತ್ರ ಹೀಗಿರಬಹುದು: "ನಿಮ್ಮ 4ನೇ ತಾರೀಕಿನ ಪ್ರಸ್ತಾವವನ್ನು ಉತ್ಪಾದನೆ ಮತ್ತು ಲೆಕ್ಕಪತ್ರ ವಿಭಾಗದವರ ಜೊತೆ ಕೂತು ನೋಡಿದೆವು. ಈ ವರ್ಷ ಮಷಿನಿಂಗ್ ಕೆಲಸವನ್ನು ಹೊರಗೆ ಕೊಡುವುದಿಲ್ಲವೆಂದು ತೀರ್ಮಾನಿಸಿದ್ದೇವೆ. ನಮ್ಮ ಯಂತ್ರಗಳು ಎರಡನೇ ಶಿಫ್ಟಿನಲ್ಲಿ ಖಾಲಿ ಇರುವುದರಿಂದ ನಮ್ಮಲ್ಲೇ ಖರ್ಚು ಕಡಿಮೆ ಬೀಳುತ್ತಿದೆ. ಬ್ಲೋಹೋಲ್ ಇರುವ ತುಂಡುಗಳನ್ನು ನಿಮ್ಮಲ್ಲೇ ತಡೆಯಬಹುದೆಂಬ ನಿಮ್ಮ ಮಾತು ಸರಿ. ಅದರ ಉಳಿತಾಯವನ್ನೂ ಸೇರಿಸಿಯೇ ಲೆಕ್ಕ ಹಾಕಿದೆವು. ಕಚ್ಚಾ ಕ್ಯಾಸ್ಟಿಂಗಿನ ಈಗಿನ ಆರ್ಡರ್, ದರ, ಪ್ರಮಾಣ ಯಾವುದೂ ಬದಲಾಗಿಲ್ಲ. ಎರಡೂ ಶಿಫ್ಟ್ ತುಂಬಿದರೆ ನಾವೇ ನಿಮ್ಮನ್ನು ಕೇಳುತ್ತೇವೆ. ಅಲ್ಲಿಯವರೆಗೆ ಹೊಸ ಯಂತ್ರದ ಯೋಚನೆಯಲ್ಲಿ ನಮ್ಮ ಆರ್ಡರನ್ನು ಲೆಕ್ಕಕ್ಕೆ ಹಿಡಿಯಬೇಡಿ." ಪತ್ರದ ಎರಡನೇ ವಾಕ್ಯದಲ್ಲೇ ಉತ್ತರ ಬಂದಿದೆ, ಕೊನೆಯವರೆಗೆ ಕಾಯಿಸಿಲ್ಲ. 'ಈಗಿನ ಆರ್ಡರ್ ಬದಲಾಗಿಲ್ಲ' ಎಂಬ ವಾಕ್ಯ ಇಡೀ ಪತ್ರದಲ್ಲಿ ಅತಿ ಮುಖ್ಯವಾದದ್ದು. ಹೊಸದನ್ನು ನಿರಾಕರಿಸಿದಾಗ ಹಳೆಯದೂ ಹೋಗುತ್ತದೆಯೇ ಎಂಬ ಭಯ ಪೂರೈಕೆದಾರರನ್ನು ಕಾಡುತ್ತದೆ, ಅದನ್ನು ಅವರು ಬಾಯಿಬಿಟ್ಟು ಕೇಳುವುದಿಲ್ಲ. ಪತ್ರ ಹೊರಡುವ ಮುಂಚೆ ಅವರ ಬಾಕಿ ಬಿಲ್ಲುಗಳನ್ನೂ ಒಮ್ಮೆ ನೋಡಬೇಕು. 2006ರ ಎಂಎಸ್ಎಂಇಡಿ ಅಧಿನಿಯಮದಂತೆ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಒಪ್ಪಂದವಿದ್ದರೂ 45 ದಿನ ಮೀರಿ ಹಣ ತಡೆಹಿಡಿಯುವಂತಿಲ್ಲ. 70 ದಿನಗಳ ಬಾಕಿ ಉಳಿಸಿಕೊಂಡು ಬರೆದ ಸೌಜನ್ಯದ ಪತ್ರವನ್ನು ಯಾರು ತಾನೇ ಸೌಜನ್ಯವೆಂದು ಓದಿಯಾರು?

ಕಾರಣ ಹೇಳಿದರೆ ಸಂಬಂಧ ನಿಜಕ್ಕೂ ಉಳಿಯುತ್ತದೆಯೇ, ಇದಕ್ಕೆ ಪುರಾವೆ ಏನು ಎಂದು ಕೇಳುವುದು ನ್ಯಾಯ. ನಿರ್ಮಾಲ್ಯ ಕುಮಾರ್, ಲೀಸಾ ಶಿಯರ್, ಯಾನ್-ಬೆನೆಡಿಕ್ಟ್ ಸ್ಟೀನ್‌ಕಾಂಪ್ ಅವರು 1995ರಲ್ಲಿ ಪ್ರಕಟಿಸಿದ ಅಧ್ಯಯನ ಅಮೆರಿಕ ಮತ್ತು ನೆದರ್ಲೆಂಡ್ಸ್‌ನ ಕಾರು ಡೀಲರುಗಳನ್ನು ಕುರಿತದ್ದು. ತಮಗಿಂತ ಬಲಶಾಲಿಯಾದ ಕಂಪನಿಯ ಜೊತೆಗಿನ ಸಂಬಂಧವನ್ನು ಡೀಲರುಗಳು ಅಳೆಯುವಾಗ, ಪಾಲಿಗೆ ಎಷ್ಟು ಬಂತು ಎಂಬುದಕ್ಕಿಂತ ನಿರ್ಧಾರ ಹೇಗೆ ಆಯಿತು, ವಿವರಣೆ ಸಿಕ್ಕಿತೇ, ಗೌರವದಿಂದ ನಡೆಸಿಕೊಂಡರೇ ಎಂಬುದರ ಪ್ರಭಾವ ಹೆಚ್ಚು ಎಂದು ಅದು ಕಂಡುಕೊಂಡಿತು. ಅಲ್ಲಿ ದುರ್ಬಲ ಪಕ್ಷ ಮಾರಾಟಗಾರ, ಇಲ್ಲಿ ಪೂರೈಕೆದಾರ. ದೇಶವೂ ಬೇರೆ, ಕಾಲವೂ ಬೇರೆ. ಹಾಗಾಗಿ ಅದನ್ನು ಕಣ್ಣುಮುಚ್ಚಿ ಇಲ್ಲಿಗೆ ಅನ್ವಯಿಸಲಾಗದು. ಆದರೂ ಬಲ ಒಂದೇ ಕಡೆ ಇರುವ ವ್ಯವಹಾರ ಎಂಬ ಹೋಲಿಕೆ ಗಟ್ಟಿಯಾಗಿಯೇ ಇದೆ.

ಇನ್ನೊಂದು ಆಕ್ಷೇಪಣೆ ವಕೀಲರ ಕಡೆಯಿಂದ ಬರುತ್ತದೆ: ಕಾರಣ ಬರೆದುಕೊಟ್ಟರೆ ಅದನ್ನೇ ಹಿಡಿದು ಜಗಳಕ್ಕೆ ಬರುತ್ತಾರೆ, ಜೊತೆಗೆ ಪ್ರತಿಸ್ಪರ್ಧಿಯ ದರ ಬಯಲಾಗುತ್ತದೆ. ಜಗಳಕ್ಕೆ ಅತಿ ಹೆಚ್ಚು ಅವಕಾಶವಿರುವ ಸರ್ಕಾರಿ ಖರೀದಿಯ ಕಡೆ ನೋಡಿದರೆ ಇದಕ್ಕೆ ಉತ್ತರ ಸಿಗುತ್ತದೆ. ನಮ್ಮ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಬಿಡ್‌ದಾರರು ವಿಚಾರಿಸಿದರೆ ಟೆಂಡರ್ ತಿರಸ್ಕರಿಸಿದ ಕಾರಣ ತಿಳಿಸಲೇಬೇಕು. ಅಮೆರಿಕದ ಫೆಡರಲ್ ಖರೀದಿಯಲ್ಲಿ ಸೋತ ಬಿಡ್‌ದಾರರು ವಿವರಣೆ ಕೇಳಬಹುದಾದ ವ್ಯವಸ್ಥೆ ಬಹುಕಾಲದಿಂದ ಇದೆ. ಆದರೆ ಗೆದ್ದವರ ಪ್ರಸ್ತಾವದ ಜೊತೆ ಅಂಶ ಅಂಶವಾಗಿ ಹೋಲಿಸಿ ಹೇಳುವುದಕ್ಕೆ, ವ್ಯಾಪಾರ ರಹಸ್ಯ ಬಿಚ್ಚಿಡುವುದಕ್ಕೆ ಅಲ್ಲಿ ಅವಕಾಶವಿಲ್ಲ. ಆ ದೇಶದ ರಕ್ಷಣಾ ಖರೀದಿಯ ದೂರುಗಳನ್ನು ಪರಿಶೀಲಿಸಿದ ರ‍್ಯಾಂಡ್ ಸಂಸ್ಥೆಯ 2018ರ ವರದಿ ವಿವರಣೆಯನ್ನು ಕಡಿಮೆ ಮಾಡಿ ಎನ್ನಲಿಲ್ಲ, ಅದರ ಗುಣಮಟ್ಟವನ್ನು ಸುಧಾರಿಸಿ ಎಂದು ಶಿಫಾರಸು ಮಾಡಿತು. ಗೆರೆ ಎಲ್ಲಿ ಎಳೆಯಬೇಕೆಂಬುದು ಇದರಿಂದಲೇ ಗೊತ್ತಾಗುತ್ತದೆ. ಅವರ ಪ್ರಸ್ತಾವದ ಬಗ್ಗೆ, ನಮ್ಮ ಅಗತ್ಯದ ಬಗ್ಗೆ ಮಾತಾಡಬಹುದು. ಮೂರನೆಯವರ ಬಗ್ಗೆ ಕೂಡದು. ಹೇಳಲಾರದ ಕಾರಣವಿದ್ದರೆ 'ಕಾರಣ ತಿಳಿಸುವ ಅಧಿಕಾರ ನಮಗಿಲ್ಲ' ಎಂದರೆ ಸಾಕು. ಅದು ಒಣ ಮಾತೇ, ಆದರೆ ಸುಳ್ಳಲ್ಲ.

ಪ್ರತಿ ಕೊಟೇಶನ್ನಿಗೂ ಇಷ್ಟು ಮಾಡುತ್ತಾ ಕೂತರೆ ಕೆಲಸ ಯಾರು ಮಾಡಬೇಕು ಎಂಬ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಕೇಳದೆಯೇ ಬಂದ ದರಪಟ್ಟಿಗೆ ಎರಡು ಸಾಲಿನ ಉತ್ತರ ಸಾಕು. ನಾವು ಕೇಳಿ ತರಿಸಿಕೊಂಡದ್ದಕ್ಕೆ, ಈಗಾಗಲೇ ಮಾಲು ಕೊಡುತ್ತಿರುವವರಿಗೆ, ನಮ್ಮ ಪ್ಯಾಟರ್ನ್‌ಗಳನ್ನು ತಮ್ಮಲ್ಲಿ ಇಟ್ಟುಕೊಂಡು ಕಾಪಾಡುತ್ತಿರುವವರಿಗೆ ಮಾತ್ರ ಪೂರ್ಣ ಉತ್ತರ ಸಲ್ಲಬೇಕು, ಅಂಥವರ ಸಂಖ್ಯೆ ದೊಡ್ಡದಲ್ಲ. ಬೇರೆ ಗ್ರೇಡಿನ ಕಬ್ಬಿಣ ಹಾಕಿ ಪರೀಕ್ಷಾ ಪ್ರಮಾಣಪತ್ರ ತಿದ್ದಿದವರ ವಿಷಯ ಬೇರೆ. ಅಲ್ಲಿ ಉಳಿಸಿಕೊಳ್ಳಬೇಕಾದ ಸಂಬಂಧವೇ ಇಲ್ಲ, ಮೃದು ಪತ್ರವೂ ಬೇಡ.

ಇಂದಿನ ಗೋಷ್ಠಿಗಳಲ್ಲಿ ನೀವು ಚರ್ಚಿಸಬೇಕೆಂದು ನಾನು ಬಯಸುವುದು ಇಷ್ಟರಿಂದ ಬಗೆಹರಿಯದ ಒಂದು ಸಂಗತಿಯನ್ನು. 'ಎರಡೂ ಶಿಫ್ಟ್ ತುಂಬಿದರೆ ನಾವೇ ಕೇಳುತ್ತೇವೆ' ಎಂದು ಪತ್ರದಲ್ಲಿ ಬರೆದೆವು. ಶಿಫ್ಟ್ ತುಂಬಿದ್ದು ಗೊತ್ತಾಗುವುದು ಉತ್ಪಾದನಾ ವಿಭಾಗಕ್ಕೆ. ಪತ್ರ ಬರೆದದ್ದು ಖರೀದಿ ವಿಭಾಗ. ಬರೆದವರು ಅಷ್ಟರಲ್ಲಿ ಬೇರೆ ಕಂಪನಿಗೆ ಹೋಗಿರಬಹುದು. ಪರ್ಚೇಸ್ ಆರ್ಡರ್ ಕೊಟ್ಟ ದಾಖಲೆ ಪ್ರತಿ ಕಚೇರಿಯಲ್ಲೂ ಇರುತ್ತದೆ. ಕೊಡದೇ ಇದ್ದದ್ದರ, ಯಾಕೆ ಕೊಡಲಿಲ್ಲ ಎಂಬುದರ, ಯಾವ ಪರಿಸ್ಥಿತಿ ಬಂದರೆ ಮತ್ತೆ ಕರೆಯುತ್ತೇವೆಂದು ಮಾತು ಕೊಟ್ಟಿದ್ದೇವೆ ಎಂಬುದರ ದಾಖಲೆ ಯಾರ ಮೇಜಿನ ಮೇಲೆ ಇರಬೇಕು?