ಅಜ್ಜಿ, ಅಡ್ವಾನ್ಸ್ ಮತ್ತು ಮೇಲಿನ ಮನೆಯ ಹುಡುಗಿ

ವಯಸ್ಸಾದ ಮನೆಯೊಡತಿ, ಅವರ ಮನೆಗೆ ಬಾಡಿಗೆಗೆ ಬಂದ ಎಳೆಯ ಹುಡುಗಿ. ಮೊದಮೊದಲು ಬಿಗುಮಾನ, ಆಮೇಲೆ ಒಂದು ಜ್ವರ, ಒಂದು ಬಟ್ಟಲು ಗಂಜಿ, ಕೊನೆಗೆ ಇಬ್ಬರೂ ಒಂದೇ ಮನೆಯವರಂತೆ. ವಾರಪತ್ರಿಕೆಯಲ್ಲೋ ದೀಪಾವಳಿ ವಿಶೇಷಾಂಕದಲ್ಲೋ ಈ ಬಗೆಯ ಸಣ್ಣಕತೆ ಓದದವರು ಕಡಿಮೆ. ಅದರ ಮುಕ್ತಾಯವೂ ನಮಗೆ ಗೊತ್ತಿರುವಂಥದ್ದೇ. ಅಜ್ಜಿ ಒಂದು ದಿನ "ಇನ್ನು ಮೇಲೆ ಬಾಡಿಗೆ ಕೊಡಬೇಡ ಕಣೇ" ಅನ್ನುತ್ತಾರೆ. ಇಲ್ಲವೇ ಅಜ್ಜಿ ತೀರಿಕೊಂಡ ಮೇಲೆ ವಿಲ್ ತೆಗೆದು ನೋಡಿದರೆ ಮನೆ ಹುಡುಗಿಯ ಹೆಸರಿಗಿರುತ್ತದೆ. ನನ್ನ ತಕರಾರು ಈ ಮುಕ್ತಾಯದ ಮೇಲೆ. ಲೆಕ್ಕ ಮುಗಿದ ಮೇಲೆ ಪ್ರೀತಿ ಶುರುವಾಗುತ್ತದೆ ಎಂದು ಕತೆಗಾರರು ನಂಬಿಕೊಂಡಿದ್ದಾರೆ. ಇಂಥ ಸಂಬಂಧ ಬೆಳೆಯುವುದು ಲೆಕ್ಕದ ಒಳಗೇ, ಉಳಿಯುವುದೂ ಲೆಕ್ಕ ಚೊಕ್ಕವಾಗಿದ್ದರೇ ಎಂಬುದು ನನ್ನ ವಾದ.

ಕತೆಯನ್ನು ಬೆಂಗಳೂರಿನ ಹನುಮಂತನಗರದ ಕಡೆಯ ಒಂದು ಹಳೆಯ ಮನೆಯಲ್ಲೇ ಇಟ್ಟು ನೋಡೋಣ. ಕೆಳಗೆ ಎಪ್ಪತ್ತೆಂಟರ ಅಜ್ಜಿ. ಯಜಮಾನರು ಅಂಚೆ ಇಲಾಖೆಯಲ್ಲಿದ್ದವರು, ಈಗಿಲ್ಲ, ಮಗ ವಿದೇಶದಲ್ಲಿ. ಮೇಲೆ ಒಂದು ರೂಮು, ಅಡುಗೆಮನೆ, ಶೀಟ್ ಹಾಕಿದ ಬಾಲ್ಕನಿ. ಬಾಡಿಗೆ 9,000, ಅಡ್ವಾನ್ಸ್ 90,000. ಹತ್ತು ತಿಂಗಳ ಅಡ್ವಾನ್ಸ್ ಬೆಂಗಳೂರಿನ ಹಳೆಯ ರೂಢಿ. ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಸಾಕು ಎನ್ನುತ್ತದೆ. ಅದು ಮಾದರಿ ಮಾತ್ರ, ರೂಢಿ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಕರಾರು 11 ತಿಂಗಳಿಗೆ, ಏಕೆಂದರೆ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಲೇಬೇಕು. ಛಾಪಾ ಕಾಗದದಲ್ಲಿ ಇನ್ನೂ ಒಂದು ಸಾಲಿರುತ್ತದೆ, ಖಾಲಿ ಮಾಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತೇವೆ ಎಂದು. ಇದೆಲ್ಲ ಒಣ ವ್ಯವಹಾರ ಅನ್ನಿಸುತ್ತದೆ. ಆದರೆ ನೆಂಟಸ್ತಿಕೆಯಿಲ್ಲದ, ಊರು ಗೊತ್ತಿಲ್ಲದ ಇಬ್ಬರು ಒಂದೇ ಗೇಟಿನೊಳಗೆ ನಿದ್ದೆ ಮಾಡಬೇಕಲ್ಲ? ಆ ಧೈರ್ಯವನ್ನು ಮೊದಲ ದಿನ ಕೊಡುವುದು ಈ ಕಾಗದವೇ. ತನ್ನ ಮನೆ ಹೋಗುವುದಿಲ್ಲ ಎಂದು ಅಜ್ಜಿಗೂ, ನಡುರಾತ್ರಿ ಯಾರೂ ಹೊರಹಾಕುವುದಿಲ್ಲ ಎಂದು ಹುಡುಗಿಗೂ ಖಾತ್ರಿಯಾದ ಮೇಲೆಯೇ ಮಾತಿಗೆ ದಾರಿ.

ಆ ದಾರಿ ತೆರೆಯುವುದು ಗಂಜಿಯಿಂದಲ್ಲ, ನೀರಿನ ಮೋಟಾರಿನಿಂದ. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ, ಸಂಪಿಗೆ ಬೀಳುತ್ತದೆ, ಸಂಪಿನಿಂದ ಮೇಲಿನ ಟ್ಯಾಂಕಿಗೆ ಮೋಟಾರ್ ಹಾಕಿ ಏರಿಸಬೇಕು. ಸ್ವಿಚ್ ಅಜ್ಜಿಯ ಹಜಾರದಲ್ಲಿ, ಟ್ಯಾಂಕು ತಾರಸಿಯಲ್ಲಿ. ಮಂಡಿನೋವಿನ ಅಜ್ಜಿಗೆ ತಾರಸಿ ಹತ್ತಲಾಗುವುದಿಲ್ಲ. ಟ್ಯಾಂಕು ತುಂಬಿ ಹರಿದರೆ ಬೀದಿಯವರೆಲ್ಲ ಕೂಗುತ್ತಾರೆ, ಮರೆತು ಸಂಪು ಬರಿದಾದರೆ ಮೋಟಾರ್ ನೀರಿಲ್ಲದೆ ಓಡಿ ಕಾಯಿಲ್ ಸುಟ್ಟುಹೋಗುತ್ತದೆ, ರೀವೈಂಡಿಂಗ್ ಖರ್ಚು ತಲೆಗೆ ಬರುತ್ತದೆ. ಹೀಗಾಗಿ ಮೇಲಿನಿಂದ "ತುಂಬ್ತು ಆಂಟಿ, ಆಫ್ ಮಾಡಿ" ಎಂಬ ಕೂಗು ಇಬ್ಬರಿಗೂ ಬೇಕಾದ ಕೂಗು. ಇದರಲ್ಲಿ ಉಪಕಾರವೇನೂ ಇಲ್ಲ. ಹುಡುಗಿಗೂ ಸ್ನಾನಕ್ಕೆ ನೀರು ಬೇಕು, ಅಜ್ಜಿಗೂ ಮೋಟಾರ್ ಉಳಿಯಬೇಕು. ವಾರಕ್ಕೆ ಮೂರ್ನಾಲ್ಕು ಬೆಳಗ್ಗೆ ತಪ್ಪದೆ ಮಾತಾಡಲೇಬೇಕಾದ ಒಂದು ಕಾರಣ ಹುಟ್ಟಿತು ನೋಡಿ. ಹುಡುಗಿ ಒಂದು ದಿನ ಕೂಗದಿದ್ದರೆ "ಯಾಕೆ, ಹುಷಾರಿಲ್ವಾ?" ಎಂಬ ಪ್ರಶ್ನೆ ಬರುತ್ತದೆ. ಮೋಟಾರಿನ ಸದ್ದು ಬರದಿದ್ದರೆ ಹುಡುಗಿ ಕೆಳಗಿಳಿದು ಬಾಗಿಲು ತಟ್ಟುತ್ತಾಳೆ. ಜ್ವರ ಬಂದದ್ದು ತಿಳಿಯುವುದೂ ಹೀಗೇ. ಗಂಜಿ ಬರುವುದು ಆಮೇಲೆ.

ಇನ್ನು ನವೆಂಬರ್ ತಿಂಗಳು. ಕುಟುಂಬ ಪಿಂಚಣಿ ಪಡೆಯುವವರು ತಾವು ಬದುಕಿದ್ದೇವೆ ಎಂದು ವರ್ಷಕ್ಕೊಮ್ಮೆ ರುಜುವಾತು ಕೊಡಬೇಕು. 2014ರಲ್ಲಿ ಬಂದ ಜೀವನ್ ಪ್ರಮಾಣ್ ವ್ಯವಸ್ಥೆಯಿಂದ ಅದು ಬೆರಳಚ್ಚಿನ ಮೇಲೆ ನಡೆಯತೊಡಗಿತು. ಪಾತ್ರೆ ತೊಳೆದು ಸವೆದ ಬೆರಳುಗಳ ಗೆರೆ ಯಂತ್ರಕ್ಕೆ ಸಿಗುವುದಿಲ್ಲ, ಬ್ಯಾಂಕಿಗೆ ಎರಡು ಸಲ ಹೋಗಿ ಬರಿಗೈಲಿ ಬರುವವರು ಎಷ್ಟೋ. 2021ರಿಂದ ಫೋನಿನ ಕ್ಯಾಮೆರಾಗೆ ಮುಖ ತೋರಿಸಿದರೂ ಆಗುತ್ತದೆ. ಆದರೆ ಆಧಾರ್ ನಂಬರು, ಪಿಪಿಒ ನಂಬರು, ಮೊಬೈಲಿಗೆ ಬರುವ ಓಟಿಪಿ, ಇದೆಲ್ಲವನ್ನೂ ತುಂಬುವ ಬೆರಳು ಒಂದು ಬೇಕು. ಅರ್ಜಿಯಲ್ಲಿ ಒಂದು ಪ್ರಶ್ನೆಯಿದೆ, ನೀವು ಮರುಮದುವೆ ಆಗಿದ್ದೀರಾ ಎಂದು. ಎಪ್ಪತ್ತೆಂಟರ ಅಜ್ಜಿಗೆ ಇದನ್ನು ಓದಿ ಹೇಳುವ ಹುಡುಗಿ, ಕೇಳಿಸಿಕೊಂಡು "ಇನ್ನೂ ಇಲ್ಲ ಅಂತ ಬರಿ" ಎನ್ನುವ ಅಜ್ಜಿ, ಕಣ್ಣು ಮಿಟುಕಿಸಿ ಎಂದು ಫೋನು ಹೇಳಿದಾಗ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ ಕೂರುವುದು, ಮತ್ತೆ ಮೊದಲಿಂದ ಶುರು. ಕತೆಗಾರರಿಗೆ ಆಸ್ಪತ್ರೆಯ ಮಂಚಕ್ಕಿಂತ ಈ ಹದಿನೈದು ನಿಮಿಷದಲ್ಲಿ ಹೆಚ್ಚು ಸಿಗುತ್ತದೆ. ಅಪಾಯವೂ ಇಲ್ಲೇ ಇದೆ, ಯಾಕೆಂದರೆ ಪಿಂಚಣಿಯ ಓಟಿಪಿ ಓದುವ ಕಣ್ಣಿಗೆ ಬ್ಯಾಂಕಿನ ಓಟಿಪಿಯೂ ಕಾಣುತ್ತದೆ. ಅದಕ್ಕೆ ಮತ್ತೆ ಬರುತ್ತೇನೆ.

ಲೆಕ್ಕ ಇಟ್ಟರೆ ಸಲಿಗೆ ಬೆಳೆಯುವುದಿಲ್ಲ ಎನ್ನುವವರಿಗೆ ಹೊರದೇಶಗಳಲ್ಲಿ ಒಳ್ಳೆಯ ಉತ್ತರವಿದೆ. ಜರ್ಮನಿಯ ಹಲವು ವಿಶ್ವವಿದ್ಯಾಲಯದ ಊರುಗಳಲ್ಲಿ ವಯಸ್ಸಾದವರ ಮನೆಯ ಕೋಣೆಯಲ್ಲಿ ವಿದ್ಯಾರ್ಥಿಗಳು ಇರುವ ಯೋಜನೆ 1990ರ ದಶಕದಿಂದ ನಡೆದಿದೆ. ಅಲ್ಲಿನ ಸೂತ್ರ, ಕೋಣೆಯ ಒಂದು ಚದರ ಮೀಟರಿಗೆ ತಿಂಗಳಿಗೆ ಒಂದು ಗಂಟೆ ಕೆಲಸ. ಹದಿನೈದು ಚದರ ಮೀಟರಿನ ಕೋಣೆಯಾದರೆ ಹದಿನೈದು ಗಂಟೆ ಅಂಗಡಿಗೆ ಹೋಗುವುದು, ತೋಟ ನೋಡುವುದು, ಜೊತೆಗೆ ನಡೆದಾಡುವುದು. ವಿದ್ಯುತ್ತು, ನೀರಿನ ಖರ್ಚು ಬೇರೆ ಕೊಡಬೇಕು. ಕಾಯಿಲೆಯ ಶುಶ್ರೂಷೆ ಮಾತ್ರ ಈ ಲೆಕ್ಕಕ್ಕೆ ಸೇರುವುದಿಲ್ಲ. ನೆದರ್‌ಲ್ಯಾಂಡ್ಸ್‌ನ ಡೆವೆಂಟರ್ ಊರಿನ ಹುಮಾನಿಟಾಸ್ ಎಂಬ ವೃದ್ಧರ ನಿವಾಸದಲ್ಲೂ ವಿದ್ಯಾರ್ಥಿಗಳು ಬಾಡಿಗೆಯಿಲ್ಲದೆ ಇರುತ್ತಾರೆ, ಬದಲಿಗೆ ತಿಂಗಳಿಗೆ 30 ಗಂಟೆ ಒಳ್ಳೆಯ ನೆರೆಯವರಂತೆ ನಡೆದುಕೊಳ್ಳಬೇಕು. ಫ್ರಾನ್ಸಿನಲ್ಲಿ 2003ರ ಬಿಸಿಗಾಳಿಗೆ ಸುಮಾರು 15,000 ಮಂದಿ ಸತ್ತರು, ಹೆಚ್ಚಿನವರು ವೃದ್ಧರು, ಬಹಳ ಜನ ಒಂಟಿಯಾಗಿದ್ದವರು. ಆಮೇಲಿನ ವರ್ಷಗಳಲ್ಲಿ ಅಲ್ಲಿ ಇಂಥ ಸಂಸ್ಥೆಗಳು ಹುಟ್ಟಿಕೊಂಡವು. 2018ರ ಕಾನೂನು 60 ದಾಟಿದವರು ಮತ್ತು 30ರೊಳಗಿನವರ ನಡುವೆ ಇದಕ್ಕೆಂದೇ ಒಂದು ಕರಾರಿನ ನಮೂನೆ ಕೊಟ್ಟಿತು, ಬಿಡಲು ಒಂದು ತಿಂಗಳ ನೋಟಿಸು ಸಾಕು. ಇವರೆಲ್ಲರೂ ಬಯಸಿದ್ದು ಒಡನಾಟವನ್ನೇ. ಬಯಸಿದವರೇ ಗಂಟೆ, ಚದರ ಮೀಟರು, ನೋಟಿಸು ಎಂದು ಬರೆದಿಟ್ಟರು, ಮಿತಿ ಬರೆಯದಿದ್ದರೆ ಒಬ್ಬರು ಕೇಳಲು ಸಂಕೋಚಪಡುತ್ತಾರೆ, ಇನ್ನೊಬ್ಬರು ಇಲ್ಲ ಎನ್ನಲು ಸಂಕೋಚಪಡುತ್ತಾರೆ ಎಂದು.

ಹಾಗಾದರೆ ಇದು ಮನೆಯವರ ಸಂಬಂಧ ಹೇಗಾಯಿತು, ಮನೆಯವರು ಲೆಕ್ಕ ಇಡುತ್ತಾರೆಯೇ ಎಂದು ಕೇಳಬಹುದು. ಇಡುತ್ತಾರೆ. ನಮ್ಮ ಮದುವೆ ಮನೆಗಳಲ್ಲಿ ಮುಯ್ಯಿ ಬರೆಯುವ ಪುಸ್ತಕ ಹಿಡಿದು ಒಬ್ಬರು ಕೂತಿರುತ್ತಾರೆ. ಯಾರು ಎಷ್ಟು ಕೊಟ್ಟರು ಎಂದು ಬರೆಯುವುದು ಜಿಪುಣತನಕ್ಕಲ್ಲ, ಅವರ ಮನೆಯ ಮದುವೆಗೆ ಹೋದಾಗ ಕಡಿಮೆಯಾಗಬಾರದು ಎಂದು. ಮುಯ್ಯಿ ತೀರಿಸದವರ ಜೊತೆ ನಂಟು ಸಡಿಲವಾಗುತ್ತದೆ ಎಂಬುದು ಹಿರಿಯರಿಗೆ ಗೊತ್ತಿತ್ತು. ಅಣ್ಣತಮ್ಮಂದಿರು ಕೋರ್ಟು ಹತ್ತುವುದು ಲೆಕ್ಕ ಇಟ್ಟಿದ್ದಕ್ಕಲ್ಲ, ಇಡದೆ ಹೋಗಿದ್ದಕ್ಕೆ. ಕೆಳಗಿನ ಮನೆಗೆ ಹುಡುಗಿಯ ತಾಯಿ ಕಳಿಸಿದ ಉಪ್ಪಿನಕಾಯಿ ಹೋದರೆ ಡಬ್ಬಿ ಖಾಲಿ ವಾಪಸು ಬರುವುದಿಲ್ಲ, ಒಂದು ಹಿಡಿ ಅವಲಕ್ಕಿಯಾದರೂ ಇರುತ್ತದೆ. ಅದೂ ಲೆಕ್ಕವೇ. ಬಾಡಿಗೆ ಬಿಟ್ಟುಕೊಟ್ಟರೆ ಈ ಸಮತೋಲ ಕೆಡುತ್ತದೆ. ಅಂದಿನಿಂದ ಹುಡುಗಿಗೆ ಮಾತ್ರೆ ತರಲು, ಕಾಲು ಒತ್ತಲು, ದಸರೆಗೆ ಊರಿಗೆ ಹೋಗದಿರಲು ಒಂದು ಬಾಯಿಲ್ಲದ ಬಲವಂತ ಶುರುವಾಗುತ್ತದೆ. ಹೆಣ್ಣುಮಗಳಾದರೆ ಹೆಚ್ಚು. ಗಂಡು ಹುಡುಗ ಬಾಡಿಗೆಗಿದ್ದರೆ ಬಲ್ಬು ಹಾಕಿಸಿಕೊಂಡು ಕಳಿಸುತ್ತಾರೆ, ಹುಡುಗಿಯಾದರೆ "ನಮ್ಮ ಮಗಳ ಥರ" ಎಂದು ಅಡುಗೆಮನೆಗೆ ಕರೆಯುತ್ತಾರೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೊಂದಿದೆ, ಅದನ್ನು ನಾನು ತಳ್ಳಿಹಾಕಲಾರೆ. ಟು-ಲೆಟ್ ಬೋರ್ಡಿನ ಕೆಳಗೆ ಸಸ್ಯಾಹಾರಿಗಳಿಗೆ ಮಾತ್ರ ಎಂದಿರುತ್ತದೆ. ಫೋನಿನಲ್ಲಿ ಹೆಸರು ಕೇಳಿದ ಮೇಲೆ ಮನೆ ಆಗಲೇ ಹೋಯಿತು ಎನ್ನುತ್ತಾರೆ. ಅಜ್ಜಿ ಮತ್ತು ಹುಡುಗಿ ಒಂದಾದರು ಎಂದು ನಾವು ಹಿಗ್ಗುವ ಮೊದಲು ಆ ಗೇಟಿನಿಂದ ಎಷ್ಟು ಹುಡುಗಿಯರು ವಾಪಸು ಹೋಗಿದ್ದಾರೆ ಎಂಬ ಪ್ರಶ್ನೆ ಇದ್ದೇ ಇದೆ. ಜಾತಿ, ಅಡುಗೆ, ಮಾತು ಎಲ್ಲ ಹೊಂದಿದ ಇಬ್ಬರು ಹತ್ತಿರವಾದರೆ ಅದರಲ್ಲಿ ಕತೆಯೇನು ಬಂತು? ಕರಾರು ಒಳಬಂದವರನ್ನು ಕಾಯುತ್ತದೆ, ಹೊರಗುಳಿದವರಿಗೆ ಅದು ಏನೂ ಮಾಡುವುದಿಲ್ಲ. ನನ್ನ ವಾದಕ್ಕೆ ಇದು ಮಿತಿ.

ಇನ್ನು ಓಟಿಪಿಯ ಮಾತು. ವಿದೇಶದಲ್ಲಿರುವ ಮಗನಿಗೆ ಅನುಮಾನ ಬಂದರೆ ಅವನನ್ನು ಖಳನಾಯಕ ಮಾಡಬೇಕಿಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆ ಪೋಷಣೆಯ ಹೊಣೆಯನ್ನು ಮಕ್ಕಳು, ಮೊಮ್ಮಕ್ಕಳ ಮೇಲೆ, ಮಕ್ಕಳಿಲ್ಲದವರಿಗೆ ಆಸ್ತಿಗೆ ವಾರಸುದಾರರಾಗುವ ಬಂಧುಗಳ ಮೇಲೆ ಹಾಕುತ್ತದೆ. ಬಾಡಿಗೆಯ ಹುಡುಗಿ ಎಷ್ಟೇ ಹತ್ತಿರದವಳಾದರೂ ಅದರಲ್ಲಿ ಎಲ್ಲೂ ಇಲ್ಲ. ಆಸ್ಪತ್ರೆಯ ಕೌಂಟರಿನಲ್ಲಿ ಸಂಬಂಧ ಎಂಬ ಕಾಲಮಿನ ಮುಂದೆ ಅವಳು ತಡವರಿಸುತ್ತಾಳೆ. ಪ್ರಜ್ಞೆಯಿರುವ ಅಜ್ಜಿಯ ಚಿಕಿತ್ಸೆಗೆ ಅಜ್ಜಿಯದೇ ಒಪ್ಪಿಗೆ ಬೇಕು, ಮಗನದ್ದೂ ಅಲ್ಲ, ಹುಡುಗಿಯದ್ದೂ ಅಲ್ಲ ಎಂಬುದು ಆ ಗಡಿಬಿಡಿಯಲ್ಲಿ ಯಾರಿಗೂ ನೆನಪಾಗುವುದಿಲ್ಲ. ಕತೆಗಾರರಿಗೆ ಪ್ರಿಯವಾದ ವಿಲ್‌ಗಂತೂ ಅಡ್ಡಿ ಹೆಚ್ಚು. ಮೈಸೂರು ರಾಜ್ಯದಿಂದ ಹೋದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1958ರಲ್ಲೇ ಹೇಳಿತು, ಲಾಭ ಪಡೆಯುವವರೇ ವಿಲ್ ಬರೆಸುವುದರಲ್ಲಿ ಮುಂದಾಗಿ ನಿಂತಿದ್ದರೆ ಸಂಶಯ ಹೋಗಲಾಡಿಸುವ ಹೊಣೆ ಅವರದೇ ಎಂದು. ಅಜ್ಜಿಯ ಪ್ರೀತಿಯ ಉಡುಗೊರೆ ಹುಡುಗಿಗೆ ವರ್ಷಗಟ್ಟಲೆ ಕೋರ್ಟಿನ ಅಲೆದಾಟವಾಗುತ್ತದೆ, ಮೋಟಾರ್ ಆಫ್ ಮಾಡಿಸಿದ್ದೆಲ್ಲ ಮನೆ ಹೊಡೆಯಲಿಕ್ಕೇ ಎಂದು ಸಾಕ್ಷಿ ಹೇಳುವವರೂ ಸಿಗುತ್ತಾರೆ. ಅದಕ್ಕೇ ಬ್ಯಾಂಕಿನ ಓಟಿಪಿಯನ್ನು ಅಜ್ಜಿ ತಾವೇ ಓದಬೇಕು, ನಿಧಾನವಾದರೂ ಸರಿ. ಬಾಡಿಗೆ ಪ್ರತಿ ತಿಂಗಳು ಖಾತೆಗೇ ಬೀಳಬೇಕು, ಮಗನ ಕಣ್ಣಿಗೂ ಕಾಣಬೇಕು.

ನಾನು ಈ ಕತೆ ಬರೆಯುವುದಾದರೆ ಹುಡುಗಿಗೆ ನಾಲ್ಕನೇ ವರ್ಷ ಪುಣೆಯಲ್ಲಿ ಕೆಲಸ ಸಿಗುತ್ತದೆ. ಅಜ್ಜಿ ಕರಾರಿನ ಪ್ರಕಾರ ಪೇಂಟಿಂಗ್‌ಗೆಂದು 9,000 ಮುರಿದುಕೊಂಡು 81,000 ರೂಪಾಯಿಯ ಚೆಕ್ ಬರೆಯುತ್ತಾರೆ. ಹುಡುಗಿಗೆ ಒಂದು ಗಳಿಗೆ ಚುರುಕ್ ಅನ್ನಿಸುತ್ತದೆ, ಓದುಗರಿಗೂ ಅನ್ನಿಸಲಿ. ಮೇಲಿನ ಮನೆಗೆ ಹೊಸಬಳೊಬ್ಬಳು ಬರುತ್ತಾಳೆ. ನವೆಂಬರಿನಲ್ಲಿ ಅಜ್ಜಿ ಹೊಸಬಳನ್ನು ಕೇಳದೆ ಪುಣೆಗೆ ಫೋನ್ ಮಾಡುತ್ತಾರೆ. "ಆ ಪಿಂಚಣಿದು ಏನೋ ಮಾಡಬೇಕಂತೆ ಕಣೇ, ಯಾವಾಗ ಬರ್ತೀಯ?" ಅಡ್ವಾನ್ಸ್ ಚುಕ್ತಾ ಆಗಿದೆ, ಕರಾರು ಹರಿದಿದೆ, ಹುಡುಗಿಗೆ ಬರಲೇಬೇಕಾದ ಯಾವ ಕಾರಣವೂ ಇಲ್ಲ. ಅವಳು ರಜೆ ಎಷ್ಟಿದೆ ಎಂದು ನೋಡಿಕೊಳ್ಳುತ್ತಾಳೆ.