ವರದಿಗಾರರಿಗೆ ಒಂದು ಓಲೆ

ಊರಿನ ಕಷ್ಟವೊಂದು ಪತ್ರಿಕೆಯಲ್ಲಿ ಬರಬೇಕೆಂದು ಬಯಸುವವರು ಸಾಮಾನ್ಯವಾಗಿ ಎರಡು ಪುಟದ ಮನವಿ ಬರೆದು, 'ತಾವು ದಯಮಾಡಿ ಬಂದು ನೋಡಬೇಕು' ಎಂದು ಮುಗಿಸುತ್ತಾರೆ. ಮನವಿ ಅಧಿಕಾರಿಗಳಿಗೆ ಸರಿ. ವರದಿಗಾರರಿಗೆ ಬೇಕಾದುದು ಬೇರೆ.

ಒಂದೂರಿನ ಕೆರೆಯನ್ನೇ ತೆಗೆದುಕೊಳ್ಳೋಣ. ತೂಬು ಕೆಟ್ಟು ನೀರು ಹಗಲಿರುಳು ಸೋರಿಹೋಗುತ್ತಿದೆ. ಹೀಗೇ ಬಿಟ್ಟರೆ ಬೇಸಗೆಯ ಬೆಳೆಗೆ ನೀರಿಲ್ಲ. 'ನಮ್ಮ ಕೆರೆಯ ದುಃಸ್ಥಿತಿ' ಎಂದು ಬರೆದರೆ ಅದು ವಿಷಯವಾಯಿತೇ ಹೊರತು ಸುದ್ದಿಯಾಗಲಿಲ್ಲ. ಆದರೆ ಊರಿನವರೊಬ್ಬರು 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಅರ್ಜಿ ಹಾಕಿ, ದುರಸ್ತಿ ಮುಗಿದು ಹಣವೂ ಸಂದಾಯವಾಗಿದೆಯೆಂಬ ಉತ್ತರವನ್ನು ಪಡೆದಿದ್ದಾರೆನ್ನಿ. ಆಗ ಓಲೆ ಹೀಗಾಗುತ್ತದೆ:

'ಮಾನ್ಯರೇ, ನಮ್ಮೂರ ಕೆರೆಯ ತೂಬು ದುರಸ್ತಿಯಾಗಿದೆ ಎನ್ನುತ್ತದೆ ಇಲಾಖೆಯ ಕಾಗದ. ನೀರು ಇಂದೂ ಸೋರುತ್ತಿದೆ. ಆ ಕಾಗದದ ಪ್ರತಿಯೂ ನಿನ್ನೆ ತೆಗೆದ ಚಿತ್ರವೂ ನಮ್ಮಲ್ಲಿವೆ. ಅಚ್ಚುಕಟ್ಟಿನ ಇಬ್ಬರು ರೈತರು ಹೆಸರು ಹೇಳಿಯೇ ಮಾತನಾಡಲು ಒಪ್ಪಿದ್ದಾರೆ. ಅರ್ಧ ಗಂಟೆ ಸಾಕು. ಮಂಗಳವಾರ ಬೆಳಿಗ್ಗೆ 8ಕ್ಕೆ ಕೆರೆ ಏರಿಯ ಮೇಲೆ, ಇಲ್ಲವೆ ಬುಧವಾರ 11ಕ್ಕೆ ತಮ್ಮ ಕಚೇರಿಯಲ್ಲಿ ಭೇಟಿಯಾಗಬಹುದು. ಎರಡೂ ಒಗ್ಗದಿದ್ದರೆ ತಮಗೆ ಅನುಕೂಲವಾದ ಹೊತ್ತು ತಿಳಿಸಿರಿ. ನೀರು ತೂಬಿನ ಮಟ್ಟಕ್ಕಿಂತ ಕೆಳಗಿಳಿದರೆ ಸೋರುವುದು ಕಾಣದು. ಅದಕ್ಕಿನ್ನು ಹತ್ತು ದಿನವಿರಬಹುದು.'

ಕೈಫೋನಿನ ಒಂದು ಪರದೆಯಲ್ಲಿ ಓದಿ ಮುಗಿಸುವಷ್ಟು ಓಲೆ ಇದು. 'ಯಾವಾಗ ಬೇಕಾದರೂ ಬನ್ನಿ' ಎನ್ನುವುದು ಔದಾರ್ಯದಂತೆ ಕಂಡರೂ ಹೊತ್ತು ಹುಡುಕುವ ಕೆಲಸವನ್ನು ಅವರ ತಲೆಗೇ ಕಟ್ಟುತ್ತದೆ. ಎರಡು ಹೊತ್ತು, ಎರಡು ಜಾಗ ಹೇಳಿದರೆ 'ಬುಧವಾರವಾಗಲಿ' ಎಂದು ಉತ್ತರಿಸುವುದು ಸುಲಭ. ಸಂಜೆಯ ಮಾತು ಬೇಡ. ದಿನಪತ್ರಿಕೆಯವರಿಗೆ ಅದು ಪುಟ ಕಟ್ಟುವ ಹೊತ್ತು. ಎರಡು ದಿನ ಉತ್ತರ ಬರದಿದ್ದರೆ ಬೆಳಿಗ್ಗೆ ಹತ್ತರ ಮೇಲೆ ಒಮ್ಮೆ ಫೋನು ಮಾಡಬಹುದು. ಅವರು 'ಇದರಲ್ಲಿ ಹೊಸದೇನು?' ಎಂದು ಕೇಳಿದರೆ, ಮೊದಲ ವಾಕ್ಯ ಅವರಿಗೆ ಮುಟ್ಟಿಲ್ಲವೆಂದೇ ತಿಳಿಯಬೇಕು.

ಓಲೆ ಕಳಿಸುವ ಮೊದಲು ಒಂದನ್ನು ನೋಡಿಕೊಳ್ಳಬೇಕು. ಕೆಲವು ಕೆರೆಗಳಿಗೆ ಎರಡು ತೂಬು ಇರುತ್ತವೆ. ವರದಿಗಾರರು ಎಂಜಿನಿಯರರನ್ನೂ ಕೇಳಿಯೇ ಕೇಳುತ್ತಾರೆ. 'ನಾವು ರಿಪೇರಿ ಮಾಡಿದ್ದು ಬಡಗಣ ತೂಬನ್ನು, ಇವರು ತೋರಿಸುತ್ತಿರುವುದು ತೆಂಕಣದ್ದು' ಎಂದು ಅವರು ಅಂದುಬಿಟ್ಟರೆ ಕಥೆ ಅಲ್ಲಿಗೆ ಮುಗಿಯಿತು. ಆಮೇಲೆ ಆ ಊರಿನ ಹೆಸರು ಹೇಳಿದರೂ ವರದಿಗಾರರು ಬರಲಾರರು. ಕಾಗದದಲ್ಲಿ ಯಾವ ತೂಬೆಂದು ಬರೆದಿದೆಯೋ ಅದರ ಮುಂದೆಯೇ ನಿಂತು ಚಿತ್ರ ತೆಗೆಯಬೇಕು. ಬೇರೊಂದು ಪತ್ರಿಕೆಗೂ ಬರೆದಿದ್ದರೆ ಅದನ್ನು ಮೊದಲೇ ತಿಳಿಸಿಬಿಡಬೇಕು.